58 ಆತು, 58 ಉಳೀತು: ಗದಗಿನ ಅರ್ಧದಾರಿ ಮಾತು

ಹಳ್ಳಿ ಸಾಲಿ ಮಕ್ಕಳ ಕನ್ನಡಕಕ್ಕ ರೊಕ್ಕ ಕೂಡಸೂ ಈ ಸೈಕಲ್ ರ‍್ಯಾಲಿಗೆ ಬಂದ ಎಲ್ಲಾರಿಗೂ ನಮಸ್ಕಾರ್ರಿ. ಕುಂತವರು ಕುಂತೇ ಇರ್ರಿ, ಬಾಳಿಹಣ್ಣು ತಿನ್ನಾಕತ್ತವರು ತಿನ್ಕೋತ ಕೇಳ್ರಿ. ಈಗ ಹತ್ತು ಗಂಟೆ. 10:15ಕ್ಕ ಮೊದಲನೇ ತಂಡ ಈ ಗೇಟು ದಾಟಬೇಕು, ಹಂಗಾಗಿ ಲಗೂ ಮುಗಸ್ತೀನಿ.

ಮೊದಲು ಲೆಕ್ಕ ಹೇಳಿಬಿಡ್ತೀನಿ. ಹುಬ್ಬಳ್ಳಿ ನೆಹರೂ ಮೈದಾನದಿಂದ ಈ ಗದಗಿನ ಮೈದಾನದ ತನಕಾ 58 ಕಿಲೋಮೀಟರ್ ಆತು. ಬಂದ ದಾರೀಲೇ ವಾಪಸ್ ಹೋಗೂದು, ಅಂದ್ರ ಉಳಿದದ್ದೂ 58. ಒಟ್ಟು 116. ಕೆಲವರು ಬಂದು, "ಸರ್, ನನ್ನ ಮೀಟರಿನಾಗ 55 ಬಂದೈತಿ, 3 ಕಿಲೋಮೀಟರ್ ಎಲ್ಲಿ ಹೋತು?" ಅಂತ ಕೇಳಿದ್ರು. ಎಲ್ಲೂ ಹೋಗಿಲ್ರಿ. ಸೈಕಲ್ ಮೀಟರ್ ಗಾಲಿ ಎಷ್ಟು ಸುತ್ತು ತಿರುಗಿತು ಅಂತ ಎಣಿಸಿ, ಅದನ್ನ ಗಾಲಿ ಸುತ್ತಳತೆಯಿಂದ ಗುಣಿಸತೈತಿ. 700-35 ಗಾಲಿಯ ಸುತ್ತಳತೆ ಸುಮಾರು 2168 ಮಿಲಿಮೀಟರ್, 26 ಇಂಚಿನ ದಪ್ಪ ಗಾಲೀದು ಸುಮಾರು 2068. ದೊಡ್ಡ ಗಾಲಿ ಹಾಕಿ ಮೀಟರಿನಾಗ ಸಣ್ಣ ಗಾಲಿ ಅಳತಿ ಬಿಟ್ಟಿದ್ರ ನೂರಕ್ಕ ನಾಕೂವರಿ ಕಡಿಮಿ ತೋರಸತೈತಿ. 58ಕ್ಕ ಅದು ಎರಡೂವರಿ ಕಿಲೋಮೀಟರ್ ಮ್ಯಾಲೇ ಆತು. ರೊಕ್ಕದ ಲೆಕ್ಕಕ್ಕ ನಾವು ಎಲ್ಲಾರಿಗೂ 58 ಅಂತನ ಹಿಡದೀವಿ, ಚಿಂತಿ ಬ್ಯಾಡ.

ರೊಕ್ಕದ ಮಾತು ಬಂತು, ಅದನ್ನೂ ಹೇಳ್ತೀನಿ. ಮುಂಜಾನೆ 84 ಮಂದಿ ಹೊರಟಿದ್ರಿ, 81 ಮಂದಿ ಸೈಕಲ್ ಮ್ಯಾಲೇ ಇಲ್ಲಿ ಮುಟ್ಟೀರಿ. ಇಬ್ಬರು ಅಣ್ಣಿಗೇರಿಯೊಳಗ 35 ಕಿಲೋಮೀಟರಿಗೆ, ಒಬ್ಬರು 14ಕ್ಕ ಗಾಡಿ ಹತ್ತಿದ್ರು. ಎಲ್ಲಾ ಕೂಡಿಸಿದ್ರ 4782 ಕಿಲೋಮೀಟರ್. ದಾನಿಗಳು ಒಬ್ಬ ಸವಾರನ ಒಂದು ಕಿಲೋಮೀಟರಿಗೆ 25 ರೂಪಾಯಿ ಒಪ್ಪಿಕೊಂಡಾರ. ಅಂದ್ರ ಈ ಹೊತ್ತಿಗೆ 1,19,550 ರೂಪಾಯಿ ಆತು. ಹಳ್ಳಿ ಸಾಲಿ ಮಕ್ಕಳ ಒಂದು ಕನ್ನಡಕಕ್ಕ ಗ್ಲಾಸು, ಫ್ರೇಮು ಸೇರಿ 450 ರೂಪಾಯಿ ಹಿಡಿದ್ರ 265 ಕನ್ನಡಕ. ಗಾಡಿ ಹತ್ತಿದವರ ಕಿಲೋಮೀಟರೂ ಇದರಾಗ ಐತಿ, ಅವರು ಮಾರಿ ಸಣ್ಣದು ಮಾಡ್ಕೊಂಡು ಕೂಡೂದು ಬ್ಯಾಡ.

ಇನ್ನ ಮುಖ್ಯ ಮಾತು. "ಬರಾಕ ಮೂರು ತಾಸು ಹಿಡೀತು, ಹೋಗಾಕೂ ಮೂರು ತಾಸು, ಒಂದೂವರಿಗೆ ಮನ್ಯಾಗ ಊಟ" ಅಂತ ಯಾರರ ಫೋನ್ ಮಾಡಿ ಹೇಳಿದ್ರ, ಇನ್ನೊಮ್ಮೆ ಫೋನ್ ಮಾಡಿ ಮೂರು ಗಂಟೆ ಅಂತ ಹೇಳ್ರಿ. ಮುಂಜಾನೆ ನಿಮ್ಮ ಕಾಲು ಓಡಿಸಿದ್ದು ಖರೆ, ಆದ್ರ ಗಾಳೀನೂ ಬೆನ್ನಿಗೆ ಕೈ ಹಚ್ಚಿತ್ತು. ಆ ಕಡೆ ಗಾಳಿಯಂತ್ರ ನೋಡ್ರಿ, ಎಲ್ಲಾ ಪಶ್ಚಿಮಕ್ಕ ಮಾರಿ ಮಾಡಿ ನಿಂತಾವ. ಗಾಳಿ ಯಾವ ಕಡಿಂದ ಬರತೈತೋ ಆ ಕಡೆ ಅವು ತಿರಗತಾವ. ನಾವು ಹೋಗೂದೂ ಆ ಕಡಿಗೇ. ಮಳಿಗಾಲ ಮುಗಿಯೂ ತನಕಾ ನಮ್ಮ ಭಾಗದಾಗ ಗಾಳಿ ಪಶ್ಚಿಮದ್ದೇ, ಬಿಸಲು ಏರಿದಂಗ ಅದೂ ಏರತೈತಿ.

ಎಷ್ಟು ಫರಕ್ ಬೀಳತೈತಿ? ಗಾಳಿ ತಾಸಿಗೆ 12 ಕಿಲೋಮೀಟರ್ ಐತಿ ಅಂತ ಹಿಡೀರಿ, ನೀವು 20ರಾಗ ಹೊಂಟೀರಿ. ಬರೂವಾಗ ನಿಮ್ಮ ಎದಿಗೆ ಬಡದ ಗಾಳಿ ಬರೇ 8. ಹೋಗೂವಾಗ ಅದು 32. ಗಾಳಿ ವೇಗ ಎರಡು ಪಟ್ಟಾದ್ರ ಅದರ ತಡೆ ನಾಕು ಪಟ್ಟಾಗತೈತಿ, ನಾಕು ಪಟ್ಟಾದ್ರ ಹದಿನಾರು ಪಟ್ಟು. ಹಂಗಾಗಿ ಮುಂಜಾನೆ ವೇಗಾನ ಹಿಡೀತೀನಿ ಅಂತ ಹಟ ಮಾಡಿದವರು ಅಣ್ಣಿಗೇರಿ ಮುಟ್ಟೂದರಾಗ ಕಾಲು ಖಾಲಿ ಮಾಡ್ಕೋತಾರ. ಮುಂದ 35 ಇನ್ನೂ ಇರತೈತಿ. ಒಂದು ಅಥವಾ ಎರಡು ಗಿಯರ್ ಕಡಿಮಿ ಇಟ್ಕೋರಿ, ಪೆಡಲ್ ಮುಂಜಾನಿಯಷ್ಟೇ ಲಗೂ ತಿರಗಲಿ, ಸ್ಪೀಡ್ ಇಳದ್ರ ಇಳೀಲಿ. ಮೀಟರ್ ನೋಡಬ್ಯಾಡ್ರಿ, ಉಸರು ನೋಡ್ರಿ. ಬಾಜೂದವರ ಕೂಡ ಒಂದು ಪೂರ್ತಿ ಮಾತು ಆಡಾಕ ಬರಬೇಕು, ಬರಲಿಲ್ಲಂದ್ರ ಜೋರಾತು.

ಇದನ್ನೆಲ್ಲಾ ಹಿಡಿದು ಟೈಮ್ ಹಾಕೀವಿ. ಹಗೂರ ಹೋಗೂ 21 ಮಂದಿ 10:15ಕ್ಕ, ನಡುವಿನ 38 ಮಂದಿ 10:25ಕ್ಕ, ಜೋರಿನ 22 ಮಂದಿ 10:35ಕ್ಕ ಹೊರಡೂದು. ಜೋರಿನವರು ಸಿಟ್ಟಾಗಬ್ಯಾಡ್ರಿ, ಕಾರಣ ಐತಿ. 14, 16, 20ರ ವೇಗದಾಗ ಹೋದ್ರ ಮೂರೂ ತಂಡ 11:45ರಿಂದ 12ರೊಳಗ ಅಣ್ಣಿಗೇರಿ ಮುಟ್ಟತಾವ. ಮೊಸರನ್ನ ಒಮ್ಮೆಲೇ ಬಡಸಾಕ ಬರತೈತಿ, ರಿಪೇರಿ ಗಾಡೀನೂ ಅಲ್ಲೇ ಒಂದು ಕಡೆ ಇರತೈತಿ. ಅಲ್ಲಿ 20 ನಿಮಿಷ. ಆಮ್ಯಾಲೆ ಶಿರಗುಪ್ಪಿಯೊಳಗ ನೀರಿಗೆ 10 ನಿಮಿಷ. ಹುಬ್ಬಳ್ಳಿಗೆ ಜೋರಿನವರು ಮಧ್ಯಾಹ್ನ 2ಕ್ಕ, ನಡುವಿನವರು 2:30ಕ್ಕ, ಹಗೂರ ಹೋಗೋರು 3ರ ಸುಮಾರು ಮುಟ್ಟತಾರ. 3:30ಕ್ಕ ರ‍್ಯಾಲಿ ಬಂದ್. 12:15ಕ್ಕ ಅಣ್ಣಿಗೇರಿ ಮುಟ್ಟದವರನ್ನ ಹಿಂದಿನ ಗಾಡಿ ಹತ್ತಿಸ್ಕೋತೈತಿ. ಇದಕ್ಕ ವಾದ ಇಲ್ಲ. ಅಲ್ಲಿಂದ 14ರ ವೇಗದಾಗ ಎರಡೂವರಿ ತಾಸು ಬೇಕು, ಅದಕ್ಕಿಂತ ತಡಾ ಆದ್ರ ರಸ್ತೆದಾಗ ನಿಂತ ಸ್ವಯಂಸೇವಕರೂ ಇರೂದಿಲ್ಲ, ಆ್ಯಂಬುಲೆನ್ಸೂ ಇರೂದಿಲ್ಲ.

ಗಾಳಿಗೆ ಇನ್ನೊಂದು ಉಪಾಯ, ಒಬ್ಬರ ಹಿಂದ ಒಬ್ಬರು ಹೋಗೂದು. ಆದ್ರ ಅಭ್ಯಾಸ ಇದ್ದವರು ಮಾತ್ರ ಹತ್ತಿರ ಹೋಗ್ರಿ. ಉಳಿದವರು ಮುಂದಿನ ಸೈಕಲ್ಲಿಗೆ ಒಂದು ಸೈಕಲ್ ಉದ್ದ ಜಾಗಾ ಬಿಡ್ರಿ, ಅಷ್ಟರಾಗೂ ಆಸರ ಸಿಗತೈತಿ. ಆರು ಮಂದಿಗಿಂತ ಉದ್ದ ಸಾಲು ಬ್ಯಾಡ, ಲಾರಿಯವರಿಗೆ ದಾಟಾಕ ಬರೂದಿಲ್ಲ. ಮುಂದಿನವರು ಎರಡೆರಡು ನಿಮಿಷಕ್ಕ ಬದಲಾಗ್ರಿ: ಹಿಂದ ನೋಡಿ, ಎಡಗೈ ತೋರಿಸಿ, ಎಡಕ್ಕ ಬಿಳಿ ಗೆರಿ ಕಡೆ ಸರಿಯೂದು, ಉಳಿದವರು ಅವರ ಬಲಕ್ಕ ಮುಂದ ಹೋಗೂದು. ಬಲಕ್ಕ ಸರದು ನಿಂದರೂದು ಬ್ಯಾಡ, ಆ ಕಡೆ ಬಸ್ಸು, ಟ್ರಕ್ಕು. ದೊಡ್ಡ ಲಾರಿ ಬಾಜೂಕ ಬಂದಾಗ ಗಾಳಿ ಒಮ್ಮೆಲೇ ನಿಂತಂಗ ಆಗಿ, ಅದು ದಾಟಿದ ಕೂಡಲೇ ಹೊಡೀತೈತಿ. ಹ್ಯಾಂಡಲ್ ಎರಡೂ ಕೈಲೆ ಹಿಡೀರಿ, ಆದ್ರ ಮೊಣಕೈ ಬಿಗಿ ಹಿಡೀಬ್ಯಾಡ್ರಿ.

ರಸ್ತೆ ಅಂಚಿನ ಮಾತು ಸ್ವಲ್ಪ ಲಕ್ಷ್ಯ ಕೊಟ್ಟು ಕೇಳ್ರಿ. ಇದು ಹೆಸರಿನ ರಾಶಿ ಕಾಲ. ರೈತರು ರಸ್ತೆ ಅಂಚಿಗೆ ಕಾಳು ಹರವಿ ಸುತ್ತ ಕಲ್ಲು ಇಟ್ಟಿರತಾರ. ಮುಂಜಾನೆ ಬರೂವಾಗ ಇನ್ನೂ ಹರವಿರಲಿಲ್ಲ, ಈಗ ಬಿಸಲು ಬಂದೈತಿ, ಹರವ್ಯಾರ. ಕಾಳಿನ ಮ್ಯಾಲೆ ಗಾಲಿ ಹೋತಂದ್ರ ಬ್ರೇಕ್ ಹಿಡದ್ರೂ ಜಾರತೈತಿ, ಕಲ್ಲಿಗೆ ಬಡದ್ರ ಮುಂದಿನ ಗಾಲಿ ಹಾಳು. ಅದೂ ಅಲ್ಲದ ಅದು ಒಬ್ಬರ ವರ್ಷದ ಬೆಳಿ. 50 ಮೀಟರ್ ದೂರದಿಂದ್ಲೇ ಹಿಂದಿನವರಿಗೆ "ಕಾಳು" ಅಂತ ಕೂಗಿ, ಹಿಂದ ನೋಡಿ ಬಲಕ್ಕ ಸರೀರಿ. ಮಳಿ ಬಂದ್ರ ಡಾಂಬರ್ ಬಿಟ್ಟು ಇಳೀಬ್ಯಾಡ್ರಿ. ಈ ಎರಿ ಮಣ್ಣು ಟೈರಿಗೆ ಸುತ್ತಿ ಫೋರ್ಕ್ ಮತ್ತ ಬ್ರೇಕಿನ ನಡುವ ತುಂಬಿಕೊಂಡು ಗಾಲೀನ ತಿರಗಗೊಡೂದಿಲ್ಲ. ಸಿಕ್ಕೊಂಡ್ರ ಕಟಗಿ ಚೂರಿನಿಂದ ಕೆರೀರಿ, ಕುಡಿಯೂ ನೀರು ಸುರೀಬ್ಯಾಡ್ರಿ.

ಮುಂಜಾನೆ 9 ಪಂಕ್ಚರ್ ಆದುವು. ಐದು ಜಾಲಿಮುಳ್ಳು, ನೆಗ್ಗಿಲಮುಳ್ಳು, ಎಲ್ಲಾ ಬಿಳಿ ಗೆರಿ ಹೊರಗ ಹೋದವರದು. ನಾಕು ಟ್ಯೂಬಿನಾಗ ಬಾಜೂ ಬಾಜೂಕ ಎರಡು ತೂತು ಇದ್ದುವು. ಅದು ಮುಳ್ಳಲ್ಲ, ಹವಾ ಕಡಿಮಿ ಇದ್ದದ್ದಕ್ಕ ತಗ್ಗಿನಾಗ ಇಳದಾಗ ಟ್ಯೂಬು ರಿಮ್ಮಿನ ಎರಡೂ ಅಂಚಿಗೆ ಸಿಕ್ಕು ಕತ್ತರಿಸಿದ್ದು. ಈಗ ರಿಪೇರಿ ಟೇಬಲ್ಲಿನಾಗ ಪಂಪ್ ಐತಿ: ದಪ್ಪ ಗಾಲಿಗೆ 40 ಪಿಎಸ್‌ಐ, ಹೈಬ್ರಿಡ್‌ಗೆ 55ರಿಂದ 60, ಸಣ್ಣ ರೋಡ್ ಟೈರಿಗೆ 85. ಟೈರಿನ ಬಾಜೂಕ ಬರದಿರೂ ಗರಿಷ್ಠ ದಾಟಬ್ಯಾಡ್ರಿ. ಟ್ಯೂಬು ಬದಲಿಸೂವಾಗ ಟೈರಿನ ಒಳಗ ಬೆರಳಾಡಿಸಿ ಮುಳ್ಳು ತಗೀರಿ, ಇಲ್ಲಂದ್ರ ಹೊಸ ಟ್ಯೂಬೂ ಎರಡು ಕಿಲೋಮೀಟರಿಗೆ ಹೋತು.

ಗಾಡಿ ಹತ್ತಿದ ಮೂವರಾಗ ಒಬ್ಬರಿಗೆ ಮೊಣಕಾಲು ನೋವು, ಸೀಟು ಭಾಳ ಕೆಳಗ ಇತ್ತು. ಹಿಮ್ಮಡ ಪೆಡಲ್ ಮ್ಯಾಲೆ ಇಟ್ಟು ಪೆಡಲ್ ಪೂರಾ ಕೆಳಗ ಬಂದಾಗ ಕಾಲು ನೆಟ್ಟಗ ಆಗಬೇಕು, ಅದು ಸರಿಯಾದ ಎತ್ತರ. ಮೊಣಕಾಲು ಮುಂದಿನ ಕಡೆ ನೋಯಾಕತ್ತಿದ್ದವರು ಈಗಲೇ ಅರ್ಧ ಇಂಚು ಏರಿಸ್ಕೋರಿ. ಇನ್ನೊಬ್ಬರಿಗೆ ಮೀನಖಂಡ ಹಿಡೀತು, ಮೂರನೇದವರದು ಹಿಂದಿನ ಗಾಲಿ ಕಡ್ಡಿ ಮುರೀತು.

ಕುಡಿಯೂದು: ತಾಸಿಗೆ ಅರ್ಧದಿಂದ ಮುಕ್ಕಾಲು ಲೀಟರ್, ಒಮ್ಮೆಲೇ ಅಲ್ಲ, ಹತ್ತು ಹದಿನೈದು ನಿಮಿಷಕ್ಕ ಎರಡು ಗುಟುಕು. ಓಆರ್‌ಎಸ್ ಪೂರಾ ಪಾಕೀಟಿಗೆ ಒಂದು ಲೀಟರ್ ನೀರು. ಅರ್ಧ ಲೀಟರಿನ ಬಾಟಲಿಗೆ ಇಡೀ ಪಾಕೀಟು ಸುರವಬ್ಯಾಡ್ರಿ, ಅದು ಹೊಟ್ಟಿ ಕೆಡಸತೈತಿ. ಶೇಂಗಾ ಉಂಡಿ ಎರಡೆರಡು ಕಿಸೆದಾಗ ಇಟ್ಕೋರಿ. ಗೇಟಿನ ಹೊರಗ ಮಿರ್ಚಿ ಬಜಿ ವಾಸನಿ ಬರಾಕತ್ತೈತಿ, ನನಗೂ ಗೊತ್ತು. ಗದಗಿಗೆ ಬಂದು ಮಿರ್ಚಿ ತಿನ್ನದ ಹೋಗೂದು ಕಷ್ಟ, ಆದ್ರ ಎಣ್ಣಿ ಹೊಟ್ಟಿಯೊಳಗ ಇಟ್ಕೊಂಡು ಎದುರುಗಾಳಿಯೊಳಗ 58 ತುಳಿಯೂದು ಅದಕ್ಕಿಂತ ಕಷ್ಟ. ಪಾರ್ಸಲ್ ಕಟ್ಟಿಸಿ ರಿಪೇರಿ ಗಾಡಿಯೊಳಗ ಇಡ್ರಿ, ಹೆಸರು ಬರದು.

ದಾರೀದು ಕಡೀ ಮಾತು. ಇಲ್ಲಿಂದ ಹುಲಕೋಟಿ, ಅಣ್ಣಿಗೇರಿ ತನಕಾ ಗಾಳಿ ಅಷ್ಟೇ ಕಾಡತೈತಿ. ಖರೇ ಏರು ಬೆಣ್ಣಿಹಳ್ಳದ ಸೇತುವಿ ದಾಟಿದ ಮ್ಯಾಲೆ. ಕಣ್ಣಿಗೆ ಕಾಣದಷ್ಟು ಸಣ್ಣ ಏರು, ಆದ್ರ ಉದ್ದ, ಗಾಳಿ ಬ್ಯಾರೆ. ಅಲ್ಲಿ "ಸೈಕಲ್ ಬ್ರೇಕ್ ಹಿಡೀತೈತೇನೋ" ಅಂತ ಅನಸತೈತಿ. ಒಮ್ಮೆ ಇಳದು ಗಾಲಿ ಎತ್ತಿ ತಿರುವಿ ನೋಡ್ರಿ. ಆರಾಮ ತಿರುಗಿದ್ರ ಬ್ರೇಕ್ ಅಲ್ಲ, ಏರು. ಗಿಯರ್ ಇಳಸ್ರಿ, ಹೋಗ್ರಿ.

10:10 ಆತು. ಹಗೂರ ಹೋಗೂ ತಂಡದವರು ಹೆಲ್ಮೆಟ್ ಹಾಕ್ಕೋರಿ, ಗೇಟಿನ ಎಡಕ್ಕ ಸಾಲು ಮಾಡ್ರಿ. ನಂಬರ್ ಚೀಟಿ ಬೆನ್ನ ಮ್ಯಾಲೆ ಕಾಣಬೇಕು, ಬ್ಯಾಗಿನ ಕೆಳಗ ಹೋಗಬಾರದು. ಹವಾ ನೋಡದವರು ಇನ್ನೂ ಐದಾರು ಮಂದಿ ಇದ್ದೀರಿ, ಪಂಪಿನ ಕಡೆ ಬರ್ರಿ.