ಹಲಗೆ

ನಾಳೆ ಬೆಳಗ್ಗೆ ಚಿಕ್ಕಮ್ಮನ ಮದುವೆ. ಊರಿಗೆಲ್ಲ ತಲೆಗೂದಲು ನೆನಪಾಗಿದ್ದು ಇವತ್ತೇ ಇರಬೇಕು. ಕ್ಷೌರದಂಗಡಿಯ ಬೆಂಚಿನಲ್ಲಿ ನಾಲ್ವರ ಜಾಗಕ್ಕೆ ಆರು ಜನ. ತಾತ ಹೇಗೋ ಒತ್ತರಿಸಿ ಕೂತರು, ನಾನು ಅವರ ತೊಡೆಯ ಮೇಲೆ ಅರ್ಧ, ಬೆಂಚಿನ ಅಂಚಿಗೆ ಅರ್ಧ.

ಇರುವುದು ಎರಡೇ ಕುರ್ಚಿ. ನನ್ನ ಕಣ್ಣೆಲ್ಲ ಮೂಲೆಗೆ ಒರಗಿಸಿಟ್ಟಿದ್ದ ಹಲಗೆಯ ಮೇಲೆ. ಕುರ್ಚಿಯ ಎರಡು ಕೈಗಳ ಮೇಲೆ ಅದನ್ನು ಅಡ್ಡ ಹಾಕಿ, ಚಿಕ್ಕ ಮಕ್ಕಳನ್ನು ಎತ್ತಿ ಕೂರಿಸುತ್ತಾರೆ. ಕೂತು ಕೂತು ಅದರ ನಡುಭಾಗ ನುಣ್ಣಗೆ ಹೊಳೆಯುತ್ತಿತ್ತು.

"ತಾತ, ನಂಗೆ ಹಲಗೆ ಬೇಡ."

"ಯಾಕೋ?"

ಎದುರು ಕುರ್ಚಿಯಲ್ಲಿ ಬಿಳಿ ಬಟ್ಟೆ ಹೊದ್ದು ಕೂತಿದ್ದ ಹುಡುಗನ ಕಡೆ ನೋಡಿ ಸುಮ್ಮನಾದೆ. ನನ್ನ ಕ್ಲಾಸಿನವನು. ಅವನಿಗೆ ಹಲಗೆ ಇರಲಿಲ್ಲ. ಕನ್ನಡಿಯಲ್ಲೇ ನನ್ನನ್ನು ನೋಡಿ ಹುಬ್ಬು ಹಾರಿಸಿದ.

ಪಕ್ಕದ ಕುರ್ಚಿ ಖಾಲಿಯಾಯಿತು. "ಬನ್ನಿ ಯಜಮಾನ್ರೇ, ನಿಮ್ಮದೇ."

"ಇವರಿಗೆ ಮಾಡಿಬಿಡಪ್ಪಾ, ಏನೋ ಅವಸರದಲ್ಲಿದ್ದಾರೆ," ಎಂದು ತಾತ ಪಕ್ಕದವರನ್ನು ಎಬ್ಬಿಸಿದರು. ಆ ಮನುಷ್ಯ ಆರಾಮಾಗಿ ಪೇಪರ್ ಓದುತ್ತಿದ್ದ. ಅವಸರ ಎಲ್ಲಿಂದ ಬಂತೋ, ಅವನಿಗೇ ಆಶ್ಚರ್ಯ.

ಮನೆಯಿಂದ ಫೋನು. ಅಜ್ಜಿಯ ದನಿ ನನಗೂ ಕೇಳಿಸುತ್ತಿತ್ತು: ನೆಂಟರೆಲ್ಲ ಬಂದಾಯ್ತು, ಹೆಣ್ಣಿನ ಅಪ್ಪ ಎಲ್ಲಿ ಅಂತ ಕೇಳ್ತಿದ್ದಾರೆ. "ಬಂದೆ, ಬಂದೆ, ಇನ್ನೇನು ನಮ್ಮ ಸರದಿ," ಎಂದ ತಾತ, ಮತ್ತೆ ಕುರ್ಚಿ ಖಾಲಿಯಾದಾಗ ಇನ್ನೊಬ್ಬರನ್ನು ಕಳಿಸಿದರು. ನನಗೆ ಅಳು ಬರುವಷ್ಟು ಸಿಟ್ಟು.

ಅಷ್ಟರಲ್ಲಿ ಕ್ಲಾಸಿನವನದು ಮುಗಿಯಿತು. ಕುತ್ತಿಗೆಗೆ ಪೌಡರ್ ಬಳಿಸಿಕೊಂಡು, ಚಪ್ಪಲಿ ಹುಡುಕಿ ಮೆಟ್ಟಿ, ಅವರಪ್ಪನ ಸ್ಕೂಟರ್ ಹತ್ತಿದ. ಸ್ಕೂಟರ್ ತಿರುವು ದಾಟುವವರೆಗೂ ತಾತ ಕತ್ತು ಉದ್ದ ಮಾಡಿ ನೋಡಿದರು. ಆಮೇಲೆ ಎದ್ದು ಪಂಚೆ ಕೊಡವಿಕೊಂಡರು.

"ಈಗ ನಮ್ಮ ಹುಡುಗಂದು ಮಾಡಪ್ಪಾ."

ಹಲಗೆ ಬಂತು. ನಾನು ಬೆಂಚಿನ ಕಡೆ ನೋಡಿದೆ. ಗುರುತಿನವರು ಒಬ್ಬರೂ ಇಲ್ಲ. ತುಟಿಪಿಟಿಕ್ಕೆನ್ನದೆ ಹತ್ತಿ ಕೂತೆ. ಕತ್ತರಿ ಕಿವಿಯ ಹತ್ತಿರ ಕಚಕಚ ಎನ್ನುತ್ತಿದ್ದಾಗ ಕನ್ನಡಿಯಲ್ಲಿ ತಾತ ಕಂಡರು. ಏನೂ ಗೊತ್ತಿಲ್ಲದವರ ಹಾಗೆ ಪೇಪರಿನಲ್ಲಿ ಮುಖ ಹುದುಗಿಸಿಕೊಂಡಿದ್ದರು.

ನನ್ನದಾದ ಮೇಲೆ ಅವರು ಕೂತು, ಕನ್ನಡಕ ತೆಗೆದು ನನ್ನ ಕೈಗಿಟ್ಟರು. ಅವರ ತಲೆಯಲ್ಲಿ ಕತ್ತರಿಸಲು ಇದ್ದದ್ದು ಕಿವಿಯ ಸುತ್ತ ಒಂದಿಷ್ಟು ಮಾತ್ರ. ಐದೇ ನಿಮಿಷ.

"ಹೇಗಿದೆಯೋ? ನಂಗೆ ಕಾಣಲ್ಲ, ನೀನೇ ನೋಡಿ ಹೇಳು."

ಹತ್ತಿರ ಹೋಗಿ ಸುತ್ತಲೂ ನೋಡಿದೆ. ಎಡಗಿವಿಯ ಹಿಂದೆ ಒಂದು ಬಿಳಿ ಎಳೆ ಉದ್ದಕ್ಕೆ ಉಳಿದುಬಿಟ್ಟಿತ್ತು.

"ಅಂಕಲ್," ಎಂದೆ, "ಇಲ್ಲೊಂದು ಚೂರು ಬಿಟ್ಟಿದ್ದೀರ."