ಹಾಲಿನ ದುಡ್ಡು ಸ್ಕ್ಯಾನ್ ಮಾಡಿ ಹಾಕುವ ಬಗ್ಗೆ ವಾಯ್ಸ್ ಮೆಸೇಜ್

ಎಲ್ಲರಿಗೂ ನಮಸ್ಕಾರ. ನಾನು ಹಾಲಿನ ಗಣಪತಿ. ಶಿರಸಿ ಮರಾಠಿಕೊಪ್ಪ, ಗಣೇಶ ನಗರದಲ್ಲಿ ನಾನು ಹಾಲು ಹಾಕುವ ಎಲ್ಲಾ ಮನೆಯವರಿಗೂ ಈ ಮೆಸೇಜು. ದಯವಿಟ್ಟು ಪೂರ್ತಿ ಕೇಳಿ.

ಈ ತಿಂಗಳಿಂದ ಹಾಲಿನ ದುಡ್ಡನ್ನು ಸ್ಕ್ಯಾನ್ ಮಾಡಿ ಹಾಕಿದರೆ ದೊಡ್ಡ ಉಪಕಾರ. ಯಾಕೆ ಅಂತ ಹೇಳುತ್ತೇನೆ. ಹೋದ ವಾರ ಮಳೆ ಹೊಡೆದಿದ್ದು ನೋಡಿದಿರಲ್ಲ, ಪ್ಲಾಸ್ಟಿಕ್ ಸುತ್ತಿ ಇಟ್ಟಿದ್ದರೂ ನನ್ನ ಲೆಕ್ಕದ ಪುಸ್ತಕಕ್ಕೆ ನೀರು ಹೋಯಿತು. ಹೆಂಡತಿ ಒಲೆ ಹತ್ತಿರ ಇಟ್ಟು ಒಣಗಿಸಿದಳು. ಆದರೆ ನಾಲ್ಕು ಹಾಳೆಯಲ್ಲಿ ಶಾಯಿ ಹರಡಿ ಬರೀ ನೀಲಿ ಕಲೆ. ಆ ಗಡಿಬಿಡಿಯಲ್ಲಿ, ಮೇ ತಿಂಗಳ ದುಡ್ಡು ಕೊಟ್ಟು ಮುಗಿಸಿದ್ದ ಒಬ್ಬ ಅಮ್ಮನ ಹತ್ತಿರ ಮತ್ತೆ ಕೇಳಿಬಿಟ್ಟೆ. ಅವರು ಒಂದು ಮಾತೂ ಆಡಲಿಲ್ಲ. ಒಳಗೆ ಹೋಗಿ, ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದು ತಂದು ತೋರಿಸಿದರು. ಹನ್ನೊಂದು ವರ್ಷದಿಂದ ಹಾಲು ಹಾಕುವ ಮನೆ ಅದು. ಆ ದಿನ ನನಗೆ ಊಟ ಸೇರಲಿಲ್ಲ. ಸ್ಕ್ಯಾನ್ ಮಾಡಿದರೆ ಕೊಟ್ಟಿದ್ದು ನಿಮ್ಮ ಫೋನಲ್ಲೂ ಇರುತ್ತದೆ, ನನ್ನ ಫೋನಲ್ಲೂ ಇರುತ್ತದೆ.

ನಾಳೆ ಹಾಲಿನ ಜೊತೆ ಒಂದು ಕಾರ್ಡು ಕೊಡುತ್ತೇನೆ. ಫೋನ್ ಪೇ, ಗೂಗಲ್ ಪೇ, ಯಾವುದರಿಂದಲೂ ಸ್ಕ್ಯಾನ್ ಆಗುತ್ತದೆ. ಖಾತೆ ನನ್ನ ಹೆಂಡತಿಯದು, ಸಾವಿತ್ರಿ ಅಂತ ಹೆಸರು ಬರುತ್ತದೆ. ಬೇರೆ ಹೆಸರು ಬಂದರೆ ದುಡ್ಡು ಹಾಕಬೇಡಿ, ನನಗೆ ಫೋನ್ ಮಾಡಿ. ದಿನಾ ಒಂದು ಲೀಟರಿನವರಿಗೆ ಜೂನ್ 30 ದಿನಕ್ಕೆ, 60 ರೂಪಾಯಿಯಂತೆ 1,800 ಆಯಿತು. ಅರ್ಧ ಲೀಟರಿನವರಿಗೆ 900. ಊರಿಗೆ ಹೋಗಿ ಹಾಲು ಬೇಡ ಅಂದಿದ್ದ ದಿನ ಕಳೆದುಕೊಳ್ಳಿ. ನೆಂಟರು ಬಂದಾಗ ಜಾಸ್ತಿ ತಗೊಂಡಿದ್ದು ಸೇರಿಸಿ. ದುಡ್ಡು ಹಾಕುವಾಗ ಕೆಳಗೆ ಮನೆ ನಂಬರ್ ಬರೆದರೆ ಸಾಕು, ನನಗೆ ಗೊತ್ತಾಗುತ್ತದೆ.

ಇನ್ನೊಂದು ಮಾತು. ಮಳೆಗೆ ಕರೆಂಟ್ ಹೋದರೆ ನೆಟ್‌ವರ್ಕೂ ಹೋಗುತ್ತದೆ, ಅಲ್ವಾ? ದುಡ್ಡು ಹೋಯಿತೋ ಇಲ್ಲವೋ ಅಂತ ಅನುಮಾನ ಬಂದರೆ ಕೂಡಲೇ ಎರಡನೇ ಸಲ ಹಾಕಬೇಡಿ. ನನ್ನನ್ನು ಕೇಳಿ, ನಾನು ನೋಡಿ ಹೇಳುತ್ತೇನೆ. ಮತ್ತೆ, ಹಾಲಿನ ದುಡ್ಡು ವಾಪಸ್ ಬರುತ್ತದೆ, ಪಿನ್ ಒತ್ತಿ ಅಂತ ಯಾರಾದರೂ ಫೋನ್ ಮಾಡಿದರೆ ಖಂಡಿತ ಒತ್ತಬೇಡಿ. ನಮಗೆ ದುಡ್ಡು ಬರುವುದಕ್ಕೆ ಪಿನ್ ಬೇಕಾಗಿಲ್ಲ. ವಾಪಸ್ ಕೊಡುವುದಿದ್ದರೆ ನಾನೇ ಬಾಗಿಲಿಗೆ ಬಂದು ಕೊಡುತ್ತೇನೆ.

ಐದನೇ ತಾರೀಖಿನ ಒಳಗೆ ಹಾಕಿ. ಆರಕ್ಕೆ ಹಿಂಡಿ ಅಂಗಡಿಯವರಿಗೆ ಕೊಡಬೇಕು. ಫೋನ್ ಬಳಸದ ಅಜ್ಜ, ಅಜ್ಜಿಯಂದಿರು ಸುಮ್ನೆ ಚಿಂತೆ ಮಾಡಬೇಡಿ. ಮೊದಲಿನ ಹಾಗೇ ಕೈಯಲ್ಲಿ ಕೊಡಿ, ನಿಮ್ಮೆದುರಿಗೇ ಬರೆದುಕೊಳ್ಳುತ್ತೇನೆ.

ನಾಳೆ ಆರೂವರೆಗೆ ಬರುತ್ತೇನೆ. ಪಾತ್ರೆಗೆ ಮುಚ್ಚಳ ಹಾಕಿ ಇಡಿ, ಮಳೆ ಇದೆ.