ಕಾರ್ಟ್‌ನಲ್ಲಿ ಉಳಿದ ಇಳಕಲ್ ಸೀರೆಗೆ ಮೂರು ವಾಟ್ಸ್ಆ್ಯಪ್ ಸಂದೇಶ

1 ತಾಸಿನ ನಂತರ. ರಿಯಾಯಿತಿ ಬೇಡ, ನೆಟ್‌ವರ್ಕ್ ಹೋಗಿರಬಹುದು.

ನಮಸ್ಕಾರ್ರೀ ಅಕ್ಕಾರ. ನೀವು ಆರಿಸಿದ ದಾಳಿಂಬ್ರಿ ಬಣ್ಣದ ಸೀರಿ ಕಾರ್ಟ್‌ನ್ಯಾಗ ಹಂಗ ಐತ್ರಿ. ಪೇಮೆಂಟಿಗೆ ತೊಂದ್ರಿ ಆಗಿದ್ರ ಇಲ್ಲೇ ತಿಳಸ್ರಿ.

ಮರುದಿನ ಸಂಜೆ 7ಕ್ಕೆ, ಫೋಟೊ ಸಮೇತ.

ಅಕ್ಕಾರ, ತೋಪತೆನಿ ಸೆರಗ ಹತ್ರದಿಂದ ನೋಡ್ರಿ. ಒಡಲು ಹತ್ತಿ, ಸೆರಗು ರೇಷ್ಮಿ, ಎರಡೂ ಕೊಂಡಿ ಹಾಕಿ ಕೂಡಿಸಿದ್ದು. ಕೈಮಗ್ಗದ್ದು. ಈ ಬಣ್ಣದಾಗ ಇದೊಂದ ಉಳದೈತ್ರಿ.

ಮೂರನೇ ದಿನ ಬೆಳಿಗ್ಗೆ 11ಕ್ಕೆ, ಮೊದಲ ಸಲ ಕೊಳ್ಳುವವರಿಗೆ ಮಾತ್ರ. ಸೀರೆಯ ಬೆಲೆ ಇಳಿಸುವುದಿಲ್ಲ, ನೇಕಾರರ ಕೂಲಿ ಅದರಲ್ಲೇ ಇದೆ. ಕೊರಿಯರ್‌ನ ₹90 ಅಂಗಡಿ ಭರಿಸುತ್ತದೆ.

ಅಕ್ಕಾರ, ಇವತ್ತ ರಾತ್ರಿ 9ರೊಳಗ ಆರ್ಡರ್ ಮಾಡಿದ್ರ ಕೊರಿಯರ್ ಫ್ರೀ ಐತ್ರಿ. ಬ್ಯಾಡಾಗಿದ್ರ ‘ಬ್ಯಾಡ’ ಅಂತ ಕಳಸ್ರಿ, ಮತ್ತ ಮೆಸೇಜ್ ಹಾಕಂಗಿಲ್ರಿ.